ಸ್ಕ್ರೀನ್‌ಶಾಟ್‌ನಲ್ಲಿ ಅರೇಬಿಕ್: ಚುಕ್ಕಿ ಏಕೆ ತಪ್ಪು ತುದಿಗೆ ಹೋಗುತ್ತದೆ?

ಪ್ರಶ್ನೆ (ಡಿಟಿಪಿ ಕೆಲಸದವರು, ಸರಸ್ವತಿಪುರಂ, ಮೈಸೂರು): ಗಲ್ಫ್ ಕಡೆಯ ಗ್ರಾಹಕರಿಗೆ ಒಂದು ಆ್ಯಪ್‌ನ ಕೈಪಿಡಿ ಮಾಡುತ್ತಿದ್ದೇನೆ. ಸ್ಕ್ರೀನ್‌ಶಾಟ್‌ನ ಇಂಗ್ಲಿಷ್ ಬರಹ ಅಳಿಸಿ, ಅನುವಾದಕರು ಕಳುಹಿಸಿದ ಅರೇಬಿಕ್ ಸಾಲುಗಳನ್ನು ಫೋಟೋಶಾಪ್‌ನಲ್ಲಿ ಕೂರಿಸುತ್ತಿದ್ದೇನೆ. ಬಲಕ್ಕೆ ಜೋಡಿಸಿದರೂ ಪೂರ್ಣವಿರಾಮ ಬಲತುದಿಯಲ್ಲೇ ನಿಲ್ಲುತ್ತದೆ. PDF ಎಂಬ ಪದವಿರುವ ಸಾಲಂತೂ ಹಿಂದುಮುಂದಾಗಿದೆಯಂತೆ. ನನಗೆ ಅರೇಬಿಕ್ ಓದಲು ಬಾರದು. ಏನು ಮಾಡಲಿ?

ಕುವೆಂಪುನಗರದ ವಿನ್ಯಾಸಕಾರ: ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಚುಕ್ಕಿಯನ್ನು ಸಾಲಿನ ಮೊದಲಲ್ಲೇ ಟೈಪ್ ಮಾಡಿ, ತಾನಾಗಿ ಎಡಕ್ಕೆ ಹೋಗಿ ಕೂರುತ್ತದೆ. ಕಡೆಗೆ ಅದು ಚಿತ್ರವೇ ತಾನೇ, ಒಳಗೆ ಹೇಗಿದ್ದರೇನು?

ವಿಜಯನಗರದ ಭಾಷಾಂತರ ಕಚೇರಿಯ ಪುಟವಿನ್ಯಾಸಕಿ: ಆ ಉಪಾಯ ಒಂದೇ ಸಾಲಿದ್ದಾಗ ನಡೆಯುತ್ತದೆ. ಬರಹ ಎರಡು ಸಾಲಿಗೆ ಮುರಿದ ಕೂಡಲೇ ಚುಕ್ಕಿ ಮೊದಲ ಸಾಲಿನಲ್ಲೇ ಉಳಿದುಬಿಡುತ್ತದೆ. ನಾನೂ ಮೊದಮೊದಲು ಹೀಗೆಯೇ ಮಾಡಿ, ಅದೇ ಬರಹವನ್ನು ಗ್ರಾಹಕರು ಜಾಲತಾಣಕ್ಕೆ ಹಾಕಿಕೊಂಡಾಗ ಬೈಸಿಕೊಂಡಿದ್ದೇನೆ.

ನಿಮ್ಮ ತೊಡಕಿನ ಮೂಲ ಇಷ್ಟೇ: ಜೋಡಣೆ ಬೇರೆ, ದಿಕ್ಕು ಬೇರೆ. ಬಲಕ್ಕೆ ಜೋಡಿಸುವ ಗುಂಡಿ ಸಾಲನ್ನು ಆ ಅಂಚಿಗೆ ತಳ್ಳುತ್ತದೆ, ಅಷ್ಟೇ. ಸಾಲಿನೊಳಗೆ ಯಾವ ತುಂಡು ಎಲ್ಲಿ ಬರಬೇಕೆಂಬುದನ್ನು ಪ್ಯಾರಾದ ದಿಕ್ಕು ತೀರ್ಮಾನಿಸುತ್ತದೆ. ಅರೇಬಿಕ್ ಅಕ್ಷರಕ್ಕೆ ಬಲದಿಂದ ಎಡಕ್ಕೆ ಎಂಬ ದಿಕ್ಕು ಹುಟ್ಟಿನಿಂದಲೇ ಇದೆ, ಚುಕ್ಕಿಗೆ ಇಲ್ಲ. ಸಾಲಿನ ಕೊನೆಯಲ್ಲಿರುವ ಚುಕ್ಕಿ ಪ್ಯಾರಾ ಹೇಳಿದಂತೆ ಕೇಳುತ್ತದೆ. ನಿಮ್ಮ ಪ್ಯಾರಾ ಇನ್ನೂ ಇಂಗ್ಲಿಷಿನದು. ಈ ಸಾಲನ್ನು ನೋಡಿ:

```
تم حفظ الملف بصيغة PDF.
```

ಕಡತವನ್ನು PDF ರೂಪದಲ್ಲಿ ಉಳಿಸಲಾಗಿದೆ ಎಂದರ್ಥ. ಇಲ್ಲಿಯೂ ಪ್ಯಾರಾ ಕನ್ನಡದ್ದಾದ್ದರಿಂದ ನಿಮಗೆ PDF ಮತ್ತು ಚುಕ್ಕಿ ಬಲತುದಿಯಲ್ಲಿ ಕಾಣುತ್ತಿರಬಹುದು. ಅರಬ್ಬರು ಓದಲು ತೊಡಗುವುದೇ ಆ ತುದಿಯಿಂದ, ಹಾಗಾಗಿ ಕೊನೆಯ ಪದ ಅವರಿಗೆ ಮೊದಲು ಸಿಗುತ್ತದೆ. ದಿಕ್ಕು ಬದಲಿಸಿದರೆ ಎರಡೂ ಎಡತುದಿಗೆ ಹೋಗುತ್ತವೆ, ಚುಕ್ಕಿ PDFನ ಎಡಕ್ಕೆ.

ಫೋಟೋಶಾಪ್‌ನ ಆದ್ಯತೆಗಳಲ್ಲಿ Type ವಿಭಾಗಕ್ಕೆ ಹೋಗಿ ಮಧ್ಯಪ್ರಾಚ್ಯ ಭಾಷೆಗಳ ಆಯ್ಕೆ ಹಾಕಿಕೊಳ್ಳಿ; ಆವೃತ್ತಿಗೆ ತಕ್ಕಂತೆ ಅದರ ಹೆಸರು ಬದಲಾಗುತ್ತದೆ. ಆಮೇಲೆ Paragraph ಫಲಕದಲ್ಲಿ ಬಲದಿಂದ ಎಡಕ್ಕೆ ಎಂಬ ಗುಂಡಿ ಸಿಗುತ್ತದೆ.

ಓದಲು ಬಾರದಿದ್ದರೂ ಪರೀಕ್ಷಿಸಬಹುದು. ಮೇಲಿನ ಸಾಲಿನ ಮೂರನೆಯ ಪದ ‘ಅಲ್’ ಎಂಬುದರಿಂದ ಶುರುವಾಗುತ್ತದೆ: ಒಂಟಿ ನೇರ ಗೆರೆ, ಪಕ್ಕದಲ್ಲಿ ಮುಂದಿನ ಅಕ್ಷರಕ್ಕೆ ಕೂಡಿಕೊಂಡ ಇನ್ನೊಂದು ಎತ್ತರದ ಗೆರೆ. ಒಂಟಿ ಗೆರೆ ಪದದ ಬಲತುದಿಯಲ್ಲಿರಬೇಕು. ಎಡತುದಿಯಲ್ಲಿದ್ದರೆ, ಅಥವಾ ಅಕ್ಷರಗಳೆಲ್ಲ ಬಿಡಿಬಿಡಿಯಾಗಿ ನಿಂತಿದ್ದರೆ, ಬರಹವೇ ಕೆಟ್ಟಿದೆ. ಚುಕ್ಕಿಯ ಚಿಂತೆ ಆಮೇಲೆ.

ಮಂಡ್ಯದ ಮುದ್ರಣಾಲಯದವರು: ನಮ್ಮಲ್ಲಿ ಉರ್ದು ಮದುವೆ ಪತ್ರಿಕೆಗಳನ್ನು ಇನ್‌ಪೇಜ್‌ನಲ್ಲಿ ಮಾಡುತ್ತೇವೆ, ಚುಕ್ಕಿಯ ತೊಂದರೆಯೇ ಇಲ್ಲ. ನೀವೂ ಉರ್ದು ಕೀಲಿಮಣೆ ಹಾಕಿಕೊಂಡು ಟೈಪ್ ಮಾಡಿಬಿಡಿ.

ಪುಟವಿನ್ಯಾಸಕಿ: ಅವರು ಕೇಳಿದ್ದು ಅರೇಬಿಕ್, ಸರ್. ಉರ್ದುವಿನ ಪೂರ್ಣವಿರಾಮ ಸಣ್ಣ ಅಡ್ಡಗೆರೆ; ಅರೇಬಿಕ್‌ನದು ನಮ್ಮದೇ ಚುಕ್ಕಿ. ಉರ್ದು ಕೀಲಿಮಣೆಯ ‘ಕಾಫ್’ ಮತ್ತು ‘ಯೇ’ ಕೂಡ ಬೇರೆ ಅಕ್ಷರಗಳು. ಟೈಪ್ ಮಾಡುವುದೇ ಬೇಡ, ಅನುವಾದಕರ ಕಡತದಿಂದ ನಕಲಿಸಿ. ಅಲ್ಪವಿರಾಮ, ಪ್ರಶ್ನಾರ್ಥಕ ಚಿಹ್ನೆಗಳಿಗೆ ಅರೇಬಿಕ್‌ನಲ್ಲಿ ಬೇರೆ ರೂಪವಿದೆ, ಅವೂ ಹಾಗೆಯೇ ಬರುತ್ತವೆ.

ಪ್ರಶ್ನೆ ಕೇಳಿದವರು: ದಿಕ್ಕು ಬದಲಿಸಿದೆ ಮೇಡಂ, ಚುಕ್ಕಿ ಸರಿಯಾಯಿತು. ಈಗ ಹೊಸ ಪೀಡೆ. ಮೂಲದಲ್ಲಿ 03-04-2025 ಎಂದಿದ್ದದ್ದು ಚಿತ್ರದಲ್ಲಿ 2025-04-03 ಆಗಿದೆ. ಬೇರೊಂದು ಪುಟದಲ್ಲಿ 03/04/2025 ಮಾತ್ರ ಅಲುಗಿಲ್ಲ.

ಪುಟವಿನ್ಯಾಸಕಿ: ಒಳ್ಳೆಯ ಕಣ್ಣು! ತಿರುಗಿದ ಮೇಲೂ ಅದು ದಿನಾಂಕದಂತೆಯೇ ಕಾಣುವುದರಿಂದ ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ. ಅರೇಬಿಕ್ ಅಕ್ಷರದ ನಂತರ ಬಂದ ಅಂಕಿಗಳನ್ನು ಓರೆಗೆರೆ ಒಟ್ಟಿಗೆ ಹಿಡಿದಿಡುತ್ತದೆ. ಅಡ್ಡಗೆರೆ, ಖಾಲಿ ಜಾಗಗಳಿಗೆ ಆ ಬಲವಿಲ್ಲ. ಮೂರು ತುಂಡುಗಳು ಬಲದಿಂದ ಎಡಕ್ಕೆ ಸಾಲುಗಟ್ಟುತ್ತವೆ. ಖಾಲಿ ಜಾಗ ಬಿಟ್ಟು ಬರೆದ ದೂರವಾಣಿ ಸಂಖ್ಯೆಗೂ ಇದೇ ಗತಿ, ಅದರ + ಚಿಹ್ನೆ ಬಲತುದಿಗೆ ಹಾರುತ್ತದೆ. ಅಂಕಿಗಳನ್ನು ಕೈಯಿಂದ ತಿರುಗಿಸಿ ಬರೆಯಬೇಡಿ. ಸಂಖ್ಯೆ ಶುರುವಾಗುವ ಮೊದಲು U+200E ಎಂಬ ಕಾಣದ ಗುರುತು ಇಟ್ಟರೆ ಸಾಕು. ನಾನು ಮೊದಲು ಬ್ರೌಸರ್‌ನಲ್ಲಿ ಹೀಗೆ ಬರೆದು, ಅಲ್ಲಿ ಕಂಡ ರೂಪವನ್ನು ಪಕ್ಕದಲ್ಲಿಟ್ಟುಕೊಂಡು ಚಿತ್ರಕ್ಕೆ ಹೋಲಿಸುತ್ತೇನೆ:

```
<p dir="rtl">صالح حتى ‎03-04-2025</p>
```

ವಿನ್ಯಾಸಕಾರ: ಇಷ್ಟೆಲ್ಲ ಮಾಡಿದ ಮೇಲೆ ಹಿಂದಕ್ಕೆ ಹೋಗುವ ಬಾಣವನ್ನೂ ತಿರುಗಿಸಬೇಕಲ್ಲವೇ?

ಪುಟವಿನ್ಯಾಸಕಿ: ಆ್ಯಪ್‌ನ ಅರೇಬಿಕ್ ಆವೃತ್ತಿಯಲ್ಲಿ ತಿರುಗಿದ್ದರೆ ಮಾತ್ರ. ಅಂಥ ಆವೃತ್ತಿ ಇದ್ದರೆ ಈ ಅಳಿಸುವ ಕೆಲಸವೇ ಬೇಕಿಲ್ಲ, ಅದರದೇ ಸ್ಕ್ರೀನ್‌ಶಾಟ್ ತೆಗೆಯಬಹುದು. ಗ್ರಾಹಕರನ್ನು ಕೇಳಿದ್ದೀರಾ?

ಪ್ರಶ್ನೆ ಕೇಳಿದವರು: ಕೇಳಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ಅಲ್ಲಿಯವರೆಗೆ ಬಾಣವನ್ನು ಮುಟ್ಟುವುದಿಲ್ಲ.