ಸೇರುವಾಗಿನ ಮೂರು ಸಾವಿರ ಮುಂದೆ ಎಷ್ಟಾಗುತ್ತದೆ?

ಕೇಳಿದವರು, ಹೊಸನಗರ

ಶಿವಮೊಗ್ಗದಲ್ಲಿ ಕೆಲಸ ಸಿಕ್ಕಿದೆ. ತಿಂಗಳಿಗೆ 22,000 ಅಂದಿದ್ದಾರೆ. ನನ್ನ ಜೊತೆ ಓದಿದವಳಿಗೆ ಅಲ್ಲೇ, ಅದೇ ಕೆಲಸಕ್ಕೆ 25,000. ಕೇಳಿದರೆ "ಮೂರು ಸಾವಿರ ತಾನೇ, ವರ್ಷ ವರ್ಷ ಹೈಕ್ ಇರುತ್ತೆ, ಸರಿಹೋಗುತ್ತೆ" ಅನ್ನುತ್ತಾರೆ. ಸಹಿ ಹಾಕಲಾ, ಇನ್ನೊಮ್ಮೆ ಕೇಳಲಾ? ಅನುಭವ ಇದ್ದವರು ಹೇಳಿ.

ಭದ್ರಾವತಿಯಿಂದ

ಖಂಡಿತ ಕೇಳಿ ತಂಗಿ. ಈಗಷ್ಟೇ ಲೆಕ್ಕ ಹಾಕಿದೆ. ಇಬ್ಬರಿಗೂ ವರ್ಷಕ್ಕೆ 8 ಪರ್ಸೆಂಟ್ ಹೈಕ್ ಅಂದುಕೊಳ್ಳಿ. 30 ವರ್ಷದಲ್ಲಿ ನಿಮಗೆ ಒಟ್ಟು 40 ಲಕ್ಷಕ್ಕೂ ಜಾಸ್ತಿ ಕೈ ತಪ್ಪುತ್ತದೆ! ಅವಳು ವರ್ಷ ವರ್ಷ ನಿಮ್ಮಿಂದ ದೂರ ಹೋಗುತ್ತಲೇ ಇರುತ್ತಾಳೆ. ಆಮೇಲೆ ಹಿಡಿಯೋಕೆ ಆಗಲ್ಲ.

ತೀರ್ಥಹಳ್ಳಿಯಿಂದ, ಸಂಬಳದ ವಿಭಾಗದಲ್ಲಿ 14 ವರ್ಷ

ಭದ್ರಾವತಿಯವರು ಕೂಡಿಸಿದ್ದು ಸರಿ ಇದೆ. ಆದರೆ "ದೂರ ಹೋಗುತ್ತಲೇ ಇರುತ್ತಾಳೆ" ಅನ್ನುವುದು ಅರ್ಧ ನಿಜ. ಮೊದಲು ನನ್ನ ಕತೆ ಹೇಳುತ್ತೇನೆ.

2011ರಲ್ಲಿ ನಾನು 10,000ಕ್ಕೆ ಸೇರಿದೆ. ಅದೇ ವಾರ ಪಕ್ಕದ ಟೇಬಲಿಗೆ ಬಂದವರಿಗೆ 11,500. ನಾನು ಕೇಳಲಿಲ್ಲ, ಕೊಟ್ಟಲ್ಲಿ ಸಹಿ ಹಾಕಿದೆ. ಆಮೇಲೆ ಇಬ್ಬರಿಗೂ ಪ್ರತಿ ವರ್ಷ ಒಂದೇ ಪರ್ಸೆಂಟ್. ಕೊರೊನಾ ವರ್ಷ ಇಬ್ಬರಿಗೂ ಸೊನ್ನೆ. ಅವರು ಬಿಟ್ಟು ಹೋಗುವ ವರ್ಷ ನನ್ನ ಸಂಬಳ 26,000, ಅವರದು 29,900. ಇಬ್ಬರ ಶೀಟೂ ನನ್ನ ಕೈಯಲ್ಲೇ ತಯಾರಾಗುತ್ತಿತ್ತು. ಪ್ರತಿ ತಿಂಗಳು ಆ ಎರಡು ಸಾಲು ಒಂದರ ಕೆಳಗೆ ಒಂದು ಕಾಣುತ್ತಿದ್ದವು.

ಗಮನಿಸಿ. 1,500 ಇದ್ದದ್ದು 3,900 ಆಯಿತು. ಆದರೆ ಮೊದಲ ದಿನ ನನ್ನ ನೂರು ರೂಪಾಯಿಗೆ ಅವರದು 115 ಇತ್ತು. ಕೊನೆಯ ದಿನವೂ 115. ಪರ್ಸೆಂಟ್ ಲೆಕ್ಕದ ಹೈಕ್ ಇದ್ದಾಗ ರೂಪಾಯಿಯ ಅಂತರ ಬೆಳೆಯುತ್ತದೆ, ಪ್ರಮಾಣ ಅಲ್ಲಾಡುವುದಿಲ್ಲ. ಅದಕ್ಕೇ "ಹೈಕ್‌ನಲ್ಲಿ ಸರಿಹೋಗುತ್ತೆ" ಅನ್ನುವ ಮಾತು ತಪ್ಪು. ಎಲ್ಲರಿಗೂ ಒಂದೇ ಪರ್ಸೆಂಟ್ ಕೊಟ್ಟರೆ ಏನೂ ಸರಿಹೋಗುವುದಿಲ್ಲ.

ನಿಮ್ಮ ಲೆಕ್ಕಕ್ಕೆ ಬರೋಣ. 8 ಪರ್ಸೆಂಟ್‌ನಲ್ಲಿ 22,000 ಒಂದು ಹೈಕ್ ಆದಮೇಲೆ 23,760. ಎರಡನೆಯದಕ್ಕೆ 25,660. ಅಂದರೆ ಎರಡು ಹೈಕ್ ಆದಮೇಲೆ ನೀವು ಅವಳು ಶುರು ಮಾಡಿದ ಜಾಗ ದಾಟುತ್ತೀರಿ. ಅಷ್ಟರಲ್ಲಿ ಅವಳು ಮುಂದೆ ಹೋಗಿರುತ್ತಾಳೆ. ಹತ್ತು ವರ್ಷವಾಗಲಿ, ಮೂವತ್ತು ವರ್ಷವಾಗಲಿ, ನೀವು ಎರಡು ವರ್ಷಕ್ಕಿಂತ ಸ್ವಲ್ಪ ಕಡಿಮೆ ಹಿಂದೆಯೇ ಇರುತ್ತೀರಿ. ಹತ್ತು ವರ್ಷದಲ್ಲಿ ಕೈ ತಪ್ಪುವ ಹಣ ಒಟ್ಟು 5 ಲಕ್ಷದ 21 ಸಾವಿರದಷ್ಟು.

ಮೂವತ್ತನೇ ವರ್ಷದ ಅಂಕಿ ನೋಡಿ ಹೆದರಬೇಡಿ. ಆಗ ಅಂತರ ತಿಂಗಳಿಗೆ ಸುಮಾರು 28,000 ಆಗುತ್ತದೆ, ನಿಜ. ಆದರೆ ಬೆಲೆ ವರ್ಷಕ್ಕೆ 5 ಪರ್ಸೆಂಟ್ ಏರುತ್ತಾ ಹೋದರೆ ಆ 28,000ಕ್ಕೆ ಸಿಗುವುದು ಇವತ್ತಿನ 6,800ಕ್ಕೆ ಸಿಗುವಷ್ಟೇ. ನಷ್ಟ ಹೌದು, ಭದ್ರಾವತಿಯವರು ಹೇಳಿದಷ್ಟಲ್ಲ.

ಭದ್ರಾವತಿಯಿಂದ

ಬೆಲೆ ಏರಿಕೆ ನಾನು ಹಿಡಿದಿರಲಿಲ್ಲ. ಒಪ್ಪಿದೆ ಮೇಡಂ. ಆದರೆ ಜಾಸ್ತಿ ಕೆಲಸ ಮಾಡಿ ಜಾಸ್ತಿ ಹೈಕ್ ತಗೊಂಡರೆ ಹಿಡಿಯಬಹುದಲ್ವಾ?

ತೀರ್ಥಹಳ್ಳಿಯಿಂದ

ಹಿಡಿಯಬಹುದು. ಅವಳಿಗೆ 8 ಇದ್ದಾಗ ಇವರಿಗೆ ಐದು ವರ್ಷ ಬಿಡದೆ 10.8 ಸಿಗಬೇಕು. ಆಗ ಇಬ್ಬರೂ 36,700ರ ಹತ್ತಿರ ಸೇರುತ್ತಾರೆ. ನಾನು ನೋಡಿದ ಕಡೆ ಒಳ್ಳೆ ರೇಟಿಂಗ್‌ನವರಿಗೂ ಉಳಿದವರಿಗೂ ಒಂದೂವರೆ, ಎರಡು ಪರ್ಸೆಂಟ್ ವ್ಯತ್ಯಾಸ ಇರುತ್ತಿತ್ತು, ಅದೂ ಪ್ರತಿ ವರ್ಷ ಒಬ್ಬರಿಗೇ ಸಿಗುತ್ತಿರಲಿಲ್ಲ. ಹಾಗಾಗಿ ನಂಬಿ ಕೂರಬೇಡಿ. ಕೇಳುವುದಾದರೆ ಹೈಕ್‌ನ ಹೊರಗೆ ಬೇರೆಯಾಗಿ "ಕರೆಕ್ಷನ್" ಅಂತ ಕೇಳಬೇಕು.

ಸಾಗರದಿಂದ, ನಿವೃತ್ತ ಶಿಕ್ಷಕರು

ನಮ್ಮಲ್ಲಿ ಹೀಗಿರಲಿಲ್ಲಮ್ಮ. ರಾಜ್ಯ ಸರ್ಕಾರದ ವೇತನ ಶ್ರೇಣಿಯಲ್ಲಿ ವಾರ್ಷಿಕ ವೇತನ ಬಡ್ತಿ ರೂಪಾಯಿಯಲ್ಲಿ ಬರೆದಿರುತ್ತದೆ. 2018ರ ಶ್ರೇಣಿ 17,000-400-18,600-450 ಅಂತ ಶುರುವಾಗುತ್ತಿತ್ತು. ಅಂದರೆ 18,600 ಮುಟ್ಟುವ ತನಕ ವರ್ಷಕ್ಕೆ 400, ಆಮೇಲೆ 450. ಒಂದು ಇನ್‌ಕ್ರಿಮೆಂಟ್ ಹಿಂದೆ ಇದ್ದವನು ಒಂದು ಮೆಟ್ಟಿಲು ಹಿಂದೆಯೇ. ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಮೂಲ ವೇತನದ ಮೇಲೆ ಪರ್ಸೆಂಟ್. ನೀವು ಯಾಕೆ ಸರ್ಕಾರಿ ಪರೀಕ್ಷೆ ಬರೆಯಬಾರದು?

ಶಿವಮೊಗ್ಗ, ವಿನೋಬನಗರದಿಂದ

ಬೆಂಗಳೂರಿಗೆ ಹೋಗಬೇಡಿ ಅಕ್ಕ. ಅಲ್ಲಿ 25,000 ಕೊಟ್ಟರೂ ಪಿಜಿ, ಊಟ, ಬಸ್ಸಿಗೇ ಹೋಗುತ್ತದೆ. ಇಲ್ಲಿ 22,000ದಲ್ಲಿ ಉಳಿತಾಯ ಜಾಸ್ತಿ. ನಾನು ವಾಪಸ್ ಬಂದಿದ್ದು ಅದಕ್ಕೇ.

ಕೇಳಿದವರು, ಹೊಸನಗರ

ಅವಳಿಗೂ ಶಿವಮೊಗ್ಗದಲ್ಲೇ ಕೆಲಸ ಅಣ್ಣ, ಒಂದೇ ಆಫೀಸು. ಸರ್, ಪರೀಕ್ಷೆಗೂ ಓದುತ್ತಿದ್ದೇನೆ.

ಒಂದು ಹೊಸ ವಿಷಯ. ಇವತ್ತು ಫೋನ್ ಮಾಡಿ ಕೇಳಿದೆ. ಸಂಬಳ ಏರಿಸಲ್ಲವಂತೆ. ಬದಲಿಗೆ 20,000 ಜಾಯಿನಿಂಗ್ ಬೋನಸ್ ಕೊಡುತ್ತಾರಂತೆ. ಅಪ್ಪ "ಒಟ್ಟಿಗೆ ಬರುತ್ತೆ, ತಗೋ" ಅನ್ನುತ್ತಿದ್ದಾರೆ.

ತೀರ್ಥಹಳ್ಳಿಯಿಂದ

ಅಲ್ಲೇ ನಿಲ್ಲಿ. ಬೋನಸ್ ಒಂದು ಸಲ ಬಂದು ಹೋಗುತ್ತದೆ. ಹೈಕ್ ಲೆಕ್ಕ ಹಾಕುವಾಗ ಅದು ಸೇರುವುದಿಲ್ಲ. ನಾವು ಶೀಟ್ ಮಾಡುವಾಗ ಫಿಕ್ಸೆಡ್ ಕಾಲಂ ಮೇಲೆ ಮಾತ್ರ ಪರ್ಸೆಂಟ್ ಹಾಕುತ್ತಿದ್ದೆವು, ಬೋನಸ್ ಬೇರೆ ಕಾಲಂ.

ಅವರಿಗೆ ಹೀಗೆ ಹೇಳಿ: "20,000 ಬೇಡ, ಫಿಕ್ಸೆಡ್‌ನಲ್ಲಿ ತಿಂಗಳಿಗೆ 1,000 ಸೇರಿಸಿ." ಮೊದಲ ವರ್ಷ ಬರುವುದು 12,000, ಎರಡನೇ ವರ್ಷ 12,960. ಎರಡು ವರ್ಷ ತುಂಬುವ ಮೊದಲೇ 20,000 ದಾಟುತ್ತದೆ. ಹತ್ತು ವರ್ಷಕ್ಕೆ 1 ಲಕ್ಷ 74 ಸಾವಿರದಷ್ಟಾಗುತ್ತದೆ. ಒಂದೂವರೆ ವರ್ಷದಲ್ಲಿ ಬಿಡುವ ಯೋಚನೆ ಇದ್ದರೆ ಮಾತ್ರ ಬೋನಸ್ ಮೇಲು. ಅದಕ್ಕೂ ಇಷ್ಟು ತಿಂಗಳ ಒಳಗೆ ಬಿಟ್ಟರೆ ವಾಪಸ್ ಕಟ್ಟಬೇಕು ಅನ್ನುವ ಷರತ್ತು ಇದೆಯಾ, ಪತ್ರದಲ್ಲಿ ನೋಡಿ.

ಇನ್ನೊಂದು. ಗೆಳತಿಯ 25,000ದಲ್ಲಿ ಫಿಕ್ಸೆಡ್ ಎಷ್ಟು, ವೇರಿಯಬಲ್ ಎಷ್ಟು ಕೇಳಿ ನೋಡಿ. 22,500 ಫಿಕ್ಸೆಡ್, ಉಳಿದದ್ದು ಟಾರ್ಗೆಟ್ ಮೇಲೆ ಅಂತಿದ್ದರೆ ನಿಮ್ಮಿಬ್ಬರ ನಿಜವಾದ ಅಂತರ ಐನೂರೇ.

ಕೊಪ್ಪದಿಂದ, ಮೂರು ಕಂಪನಿ ಬದಲಿಸಿದವನು

ಕಂಪನಿ ಬಿಟ್ಟರೆ ಈ ಅಂತರ ಮುಗಿಯಿತು ಅಂದುಕೊಂಡಿದ್ದೆ. ಮುಗಿಯಲಿಲ್ಲ. ಹೊಸ ಕಡೆ ಹಳೆ ಸಂಬಳದ ಸ್ಲಿಪ್ ಕೇಳಿ, ಅದರ ಮೇಲೆ 30 ಪರ್ಸೆಂಟ್ ಅಂದರು. ಕಡಿಮೆ ಸ್ಲಿಪ್ ಇದ್ದವನಿಗೆ ಅದೂ ಕಡಿಮೆಯೇ. ಎರಡನೇ ಸಲ ಹಳೆಯದು ಹೇಳದೆ "ಈ ಕೆಲಸಕ್ಕೆ ನೀವು ಇಟ್ಟಿರುವುದು ಎಷ್ಟು" ಅಂತ ಮೊದಲೇ ಕೇಳಿದೆ. ಆಗ ಪ್ರಮಾಣ ಮುರಿಯಿತು. ಹೇಳಲೇಬೇಕು ಅಂತ ಪಟ್ಟು ಹಿಡಿಯುವವರೂ ಇದ್ದಾರೆ, ಎಲ್ಲ ಕಡೆ ನಡೆಯುತ್ತದೆ ಅನ್ನಲಾರೆ.

ಕೇಳಿದವರು, ಹೊಸನಗರ

ಗೆಳತಿಯ ಪತ್ರ ನೋಡಿದೆ. ಅವಳದು 24,000 ಫಿಕ್ಸೆಡ್, 1,000 ವೇರಿಯಬಲ್. ನನ್ನದು 22,000 ಪೂರ್ತಿ ಫಿಕ್ಸೆಡ್. ಅಂತರ ಎರಡು ಸಾವಿರ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಹೋಗಿ ಎದುರೇ ಕೂತು ಕೇಳುತ್ತೇನೆ, ಬೋನಸ್ ಬೇಡ, ಫಿಕ್ಸೆಡ್ 23,000 ಮಾಡಿ ಅಂತ. ಅಪ್ಪನಿಗೆ ಎರಡು ವರ್ಷದ ಲೆಕ್ಕ ಪೇಪರಿನಲ್ಲಿ ಬರೆದು ತೋರಿಸಿದೆ. ಇನ್ನೂ ಒಪ್ಪಿಲ್ಲ.