130 ಪುಟದ ತೊಗರಿ ವರದಿ: ಶೀರ್ಷಿಕೆಗಳ ಸಿಕ್ಕು ಬಿಡಿಸುವುದು ಹೇಗೆ?

ಪ್ರಶ್ನೆ, ಕಲಬುರಗಿಯಿಂದ

ಸ್ವಯಂಸೇವಾ ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತೇನೆ. ನಾಲ್ಕು ತಾಲ್ಲೂಕುಗಳ ತೊಗರಿ ಬೆಳೆಗಾರರ ಸಮೀಕ್ಷೆಯ ವರದಿಯನ್ನು ಮೂವರು ಸೇರಿ ಬರೆದಿದ್ದೇವೆ. ಕೆಲವು ಕಡೆ ಶೀರ್ಷಿಕೆ ಐದನೇ ಮಟ್ಟದವರೆಗೂ ಇಳಿದಿದೆ. ಓದಿದ ಅಧಿಕಾರಿಯೊಬ್ಬರು "ನನಗೆ ಬೇಕಾದದ್ದು ಎಲ್ಲಿದೆ ಎಂದೇ ತಿಳಿಯುತ್ತಿಲ್ಲ" ಎಂದು ಹಿಂದಿರುಗಿಸಿದರು. ಮೂರನೇ ಅಧ್ಯಾಯ ಹೀಗಿದೆ. ಎಲ್ಲಿಂದ ಶುರು ಮಾಡಲಿ?

3 ರೋಗ ಮತ್ತು ಕೀಟ
3.1 ಪೀಠಿಕೆ
3.2 ಆಳಂದ ತಾಲ್ಲೂಕು
3.3 ನೆಟೆ ರೋಗ
3.4 ರೈತರ ಅಭಿಪ್ರಾಯ
3.5 ಕೀಟಗಳು
3.5.1 ಕಾಯಿಕೊರಕ
3.5.1.1 ಔಷಧ ಸಿಂಪಡಣೆ
3.5.2 ಗೊಡ್ಡು ರೋಗ
3.6 ಜೇವರ್ಗಿ ತಾಲ್ಲೂಕು
3.7 ಇತರೆ

ಬೀದರಿನ ಡಿಟಿಪಿ ಅಂಗಡಿಯವರು

ಇದು ಅಕ್ಷರದ ಗಾತ್ರದ ತೊಂದರೆ, ಸರ್. ಮೊದಲ ಮಟ್ಟಕ್ಕೆ 18, ಎರಡನೆಯದಕ್ಕೆ 16, ಮೂರನೆಯದಕ್ಕೆ 14 ಇಟ್ಟು ದಪ್ಪ ಮಾಡಿ, ಮಟ್ಟಕ್ಕೊಂದು ಬಣ್ಣ ಕೊಡಿ. ಕಣ್ಣಿಗೆ ತಾನಾಗಿಯೇ ಕಾಣುತ್ತದೆ.

ಯಾದಗಿರಿಯ ವರದಿ ಸಂಪಾದಕಿ

ಅಣ್ಣಾವರು ಹೇಳಿದ ಕೆಲಸವೂ ಬೇಕು, ಆದರೆ ಕೊನೆಗೆ. ಈಗಲೇ ಗಾತ್ರ, ಬಣ್ಣ ಕೊಟ್ಟರೆ ತಪ್ಪು ಜೋಡಣೆಯೇ ಅಚ್ಚುಕಟ್ಟಾಗಿ ಕಾಣುತ್ತದೆ, ಅಷ್ಟೆ.

ಮೊದಲು ಪಠ್ಯವನ್ನು ಮರೆತು ಬರೀ ಶೀರ್ಷಿಕೆಗಳನ್ನು ಒಂದು ಹಾಳೆಗೆ ಇಳಿಸಿಕೊಳ್ಳಿ. ನಿಮ್ಮ ಪಟ್ಟಿಯಲ್ಲಿ 3.2 ತಾಲ್ಲೂಕು, 3.3 ರೋಗ, 3.4 ರೈತರ ಮಾತು. ಒಂದೇ ಮಟ್ಟದಲ್ಲಿ ನಿಂತವುಗಳನ್ನು ಮೂರು ಬೇರೆ ಆಧಾರಗಳ ಮೇಲೆ ವಿಂಗಡಿಸಲಾಗಿದೆ. ಆಳಂದದಲ್ಲಿ ನೆಟೆ ರೋಗದಿಂದ ಆದ ನಷ್ಟ 3.2ರಲ್ಲಿಯೂ ಇರಬಹುದು, 3.3ರಲ್ಲಿಯೂ ಇರಬಹುದು. ಅಧಿಕಾರಿ ಹುಡುಕಿ ಸೋತದ್ದು ಇಲ್ಲಿಯೇ ಎಂದು ನನ್ನ ಅಂದಾಜು. ಮೂವರಲ್ಲಿ ಒಬ್ಬರು ತಾಲ್ಲೂಕು ಹಿಡಿದು ಬರೆದಿದ್ದಾರೆ, ಇನ್ನೊಬ್ಬರು ರೋಗ ಹಿಡಿದು. ಒಂದು ಮಟ್ಟಕ್ಕೆ ಒಂದೇ ಆಧಾರ ಇಟ್ಟುಕೊಳ್ಳಿ.

ಎರಡನೆಯದಾಗಿ, 3.5.1.1 ಒಂಟಿಯಾಗಿದೆ. 3.5.1.2 ಇಲ್ಲದಿದ್ದರೆ ಅಲ್ಲಿ ವಿಂಗಡಣೆಯೇ ಆಗಿಲ್ಲ. ಸಿಂಪಡಣೆಯನ್ನು ಕಾಯಿಕೊರಕದ ಪಠ್ಯದೊಳಗೇ ಸೇರಿಸಿಬಿಡಿ, ಅಥವಾ ಅದರ ಜೊತೆಗಾರ ಎಲ್ಲಿ ತಪ್ಪಿಸಿಕೊಂಡಿದೆ ಎಂದು ಹುಡುಕಿ. ನನಗೆ ಅದು 3.4ರ ರೈತರ ಅಭಿಪ್ರಾಯದಲ್ಲಿ ಕುಳಿತಿರಬಹುದು ಎಂಬ ಗುಮಾನಿ. ಐದನೇ ಮಟ್ಟ ಹುಟ್ಟುವುದು ಬಹುಪಾಲು ಹೀಗೆ ಒಂಟಿ ಮಕ್ಕಳಿಂದಲೇ.

ಮೂರನೆಯದು, ಗೊಡ್ಡು ರೋಗ ಕೀಟಗಳ ಕೆಳಗೆ ಬಂದಿದೆ. ಅದನ್ನು ಹರಡುವುದು ನುಸಿ ನಿಜ, ಆದರೆ ಅದು ವೈರಸ್ ರೋಗ. ಹುಡುಕುವವನು ರೋಗಗಳ ಕಡೆಗೇ ಹೋಗುತ್ತಾನೆ. ಅದನ್ನು ನೆಟೆಯ ಪಕ್ಕಕ್ಕೆ ತನ್ನಿ, ನುಸಿಯ ಮಾತು ಪಠ್ಯದಲ್ಲಿರಲಿ.

'ಇತರೆ'ಯಲ್ಲಿ ಏನಿದೆ?

ಪ್ರಶ್ನೆ ಕೇಳಿದವರು

ಒಂದೂವರೆ ಪುಟ ಇದೆ, ಮೇಡಂ. ಮಂಜು ಬಿದ್ದು ಹೂ ಉದುರಿದ್ದು, ತಗ್ಗಿನ ಹೊಲದಲ್ಲಿ ನೀರು ನಿಂತು ಗಿಡ ಸತ್ತದ್ದು. ರೋಗವೂ ಅಲ್ಲ, ಕೀಟವೂ ಅಲ್ಲ. ಹಾಗಾಗಿ ಅಲ್ಲಿ ಹಾಕಿದೆವು.

ಯಾದಗಿರಿಯ ವರದಿ ಸಂಪಾದಕಿ

ಹಾಗಾದರೆ ತಪ್ಪು 'ಇತರೆ'ಯದಲ್ಲ, ಅಧ್ಯಾಯದ ಹೆಸರಿನದು. ನೀವು ಬರೆದಿರುವುದು ಬೆಳೆ ಹಾನಿಯ ಬಗ್ಗೆ. ಹೆಸರನ್ನು ಹಿಗ್ಗಿಸಿದರೆ ಎಲ್ಲವೂ ಒಳಗೆ ಬರುತ್ತವೆ:

3 ಬೆಳೆ ಹಾನಿ
3.1 ನೆಟೆ ರೋಗ
3.2 ಗೊಡ್ಡು ರೋಗ
3.3 ಕಾಯಿಕೊರಕ
3.4 ಮಂಜು ಮತ್ತು ನಿಂತ ನೀರು

ಪ್ರತಿಯೊಂದರ ಕೆಳಗೂ ಅದೇ ಕ್ರಮದಲ್ಲಿ ಅದೇ ಮೂರು ಉಪಶೀರ್ಷಿಕೆ ಇಡಿ: 'ಎಲ್ಲೆಲ್ಲಿ ಕಂಡಿತು', 'ಎಷ್ಟು ನಷ್ಟವಾಯಿತು', 'ರೈತರು ಏನು ಮಾಡಿದರು'. ಹಳೆಯ ಆಳಂದ, ಜೇವರ್ಗಿ ಭಾಗಗಳು ಒಡೆದು ಮೊದಲಿನ ಎರಡಕ್ಕೆ ಹಂಚಿಹೋಗುತ್ತವೆ. ಸಿಂಪಡಣೆ ಮತ್ತು ರೈತರ ಅಭಿಪ್ರಾಯ ಮೂರನೆಯದಕ್ಕೆ. ಒಮ್ಮೆ ಕ್ರಮ ಅರ್ಥವಾದ ಓದುಗ 3.3ರ ನಷ್ಟ 3.3.2ರಲ್ಲಿದೆ ಎಂದು ಪುಟ ತಿರುವದೆಯೇ ಊಹಿಸುತ್ತಾನೆ. ಮೂರು ಮಟ್ಟ ಸಾಕು. ನಾಲ್ಕನೆಯದು ಬೇಕೆನಿಸಿದ ಕಡೆ ಸಂಖ್ಯೆ ಇಲ್ಲದೆ ಪ್ಯಾರಾದ ಮೊದಲ ಪದಗಳನ್ನು ದಪ್ಪ ಮಾಡಿ.

ಪೀಠಿಕೆಗೆ ಸಂಖ್ಯೆ ಬೇಡ. ಅಧ್ಯಾಯದ ಹೆಸರಿಗೂ 3.1ಕ್ಕೂ ನಡುವೆ ನಾಲ್ಕು ಸಾಲಾಗಿ ಇಡಿ. ಎರಡು ಶೀರ್ಷಿಕೆಗಳು ನಡುವೆ ಒಂದು ಸಾಲೂ ಇಲ್ಲದೆ ಅಂಟಿಕೊಂಡಿರುವುದೂ ತಪ್ಪುತ್ತದೆ.

ಕಲಬುರಗಿಯ ನಿವೃತ್ತ ಕೃಷಿ ಅಧಿಕಾರಿ

ತಾಯಿ, ಒಪ್ಪುವುದು ಕಷ್ಟ. 2022ರ ಮುಂಗಾರಿನ ತೊಗರಿಗೆ ನೆಟೆ ಬಡಿದಾಗ ಎಲ್ಲರೂ ಕೇಳಿದ್ದು "ನಮ್ಮ ತಾಲ್ಲೂಕಿನಲ್ಲಿ ಎಷ್ಟು?" ಎಂದೇ. ಪರಿಹಾರದ ಲೆಕ್ಕ ಹೋಗುವುದೂ ತಾಲ್ಲೂಕಿನ ಮೇಲೆ. ರೋಗದ ಪ್ರಕಾರ ಜೋಡಿಸಿದರೆ ತಾಲ್ಲೂಕಿನ ಅಧಿಕಾರಿ ನಾಲ್ಕು ಕಡೆ ಹೆಕ್ಕಬೇಕಾಗುತ್ತದೆ.

ಯಾದಗಿರಿಯ ವರದಿ ಸಂಪಾದಕಿ

ಸರ್, ಮಾತು ಸರಿ. ವರದಿ ಮುಖ್ಯವಾಗಿ ತಾಲ್ಲೂಕು ಕಚೇರಿಗಳಿಗೆ ಹೋಗುವುದಾದರೆ ತಾಲ್ಲೂಕೇ ಎರಡನೇ ಮಟ್ಟಕ್ಕೆ ಬರಲಿ, ರೋಗ ಅದರ ಕೆಳಗೆ ಇಳಿಯಲಿ. ರೋಗದ ಪ್ರಕಾರವೇ ಇಟ್ಟರೆ ಅಧ್ಯಾಯದ ಕೊನೆಗೆ ಒಂದು ಪುಟದ ಕೋಷ್ಟಕ ಬೇಕು: ಅಡ್ಡಕ್ಕೆ ತಾಲ್ಲೂಕು, ಉದ್ದಕ್ಕೆ ಹಾನಿ, ಒಳಗೆ ವಿಭಾಗದ ಸಂಖ್ಯೆ. ಯಾವುದು ಮೇಲೆ ಎಂಬುದನ್ನು ವರದಿ ಓದುವವರನ್ನೇ ಕೇಳಿ ತೀರ್ಮಾನಿಸಬೇಕು. ಎರಡನ್ನೂ ಬೆರೆಸುವುದು ಮಾತ್ರ ಬೇಡ.

ಬೀದರಿನ ಸಂಶೋಧನಾ ವಿದ್ಯಾರ್ಥಿ

ನನ್ನ ಪ್ರಬಂಧದಲ್ಲಿ ಮಾರ್ಗದರ್ಶಕರು ನಾಲ್ಕು ಮಟ್ಟ ಇರಲೇಬೇಕು ಎನ್ನುತ್ತಾರೆ. ಮೂರಕ್ಕೆ ಇಳಿಸಲೇ?

ಯಾದಗಿರಿಯ ವರದಿ ಸಂಪಾದಕಿ

ಬೇಡ ತಮ್ಮಾ. ವಿಶ್ವವಿದ್ಯಾಲಯದ ನಮೂನೆ ಇದ್ದರೆ ಅದೇ ಅಂತಿಮ. ಒಂಟಿ ಉಪಶೀರ್ಷಿಕೆ ಇದೆಯೇ ಎಂದಷ್ಟೇ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರು

ಶೀರ್ಷಿಕೆಗಳನ್ನು ಕೈಯಿಂದ ಬರೆದುಕೊಳ್ಳುವುದು ಬೇಡವೆಂದು ವರ್ಡ್‌ನಲ್ಲಿ Navigation Pane ತೆರೆದೆ. ಒಬ್ಬರು ಬರೆದ ಅಧ್ಯಾಯಗಳು ಬರುತ್ತಲೇ ಇಲ್ಲ. ಇನ್ನೊಬ್ಬರವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿವೆ.

ಯಾದಗಿರಿಯ ವರದಿ ಸಂಪಾದಕಿ

ಎರಡು ಬೇರೆ ರೋಗ. ಬಾರದಿರುವವು ಬರೀ ದಪ್ಪ ಅಕ್ಷರದವು. ವರ್ಡ್‌ಗೆ ಅವು ಸಾಮಾನ್ಯ ಸಾಲುಗಳೇ. ಕರ್ಸರ್ ಇಟ್ಟು Ctrl+Alt+1, 2, 3 ಒತ್ತಿ Heading 1, 2, 3 ಶೈಲಿ ಕೊಡಿ. ಡಿಟಿಪಿ ಅಣ್ಣಾವರ 18, 16, 14 ಕೂಡ ಈ ಶೈಲಿಯಲ್ಲೇ ಒಮ್ಮೆ ಹೊಂದಿಸಿದರೆ ಇಡೀ ವರದಿಗೆ ಅನ್ವಯಿಸುತ್ತದೆ.

ಇಂಗ್ಲಿಷ್ ಅಕ್ಷರಗಳಾಗಿ ಕಾಣುವವು ಹಳೆಯ ನುಡಿ ಫಾಂಟ್‌ನಲ್ಲಿ ಟೈಪಾದವು. ಪುಟದ ಮೇಲೆ ಫಾಂಟ್ ಅದನ್ನು ಕನ್ನಡವಾಗಿ ತೋರಿಸುತ್ತದೆ. ಪಕ್ಕದ ಪಟ್ಟಿಗೆ ಆ ಫಾಂಟ್ ಇಲ್ಲ, ಆದ್ದರಿಂದ ಒಳಗಿನ ಅಕ್ಷರಗಳು ಬಯಲಾಗುತ್ತವೆ. ಆ ಅಧ್ಯಾಯಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾಡಿಸಿ.

ಆಮೇಲೆ Outline View ತೆರೆದು Alt+Shift ಜೊತೆ ಎಡ, ಬಲ ಬಾಣ ಒತ್ತಿದರೆ ಮಟ್ಟ ಏರುತ್ತದೆ, ಇಳಿಯುತ್ತದೆ. ಮೇಲೆ, ಕೆಳಗೆ ಬಾಣ ಒತ್ತಿದರೆ ಜಾಗ ಬದಲಾಗುತ್ತದೆ. ಶೀರ್ಷಿಕೆಯನ್ನು ಮಡಚಿಕೊಂಡು ಸರಿಸಿ, ಕೆಳಗಿನ ಪಠ್ಯವೂ ಜೊತೆಗೇ ಬರುತ್ತದೆ. ಆದರೆ ಸರಿಸುವ ಮೊದಲು Ctrl+F ಒತ್ತಿ 'ನೋಡಿ' ಎಂದು ಹುಡುಕಿ. '3.5.2 ನೋಡಿ' ಎಂದು ಕೈಯಿಂದ ಟೈಪ್ ಮಾಡಿದ ಉಲ್ಲೇಖಗಳನ್ನು ವರ್ಡ್ ತಾನಾಗಿ ಬದಲಿಸುವುದಿಲ್ಲ. ಶೀರ್ಷಿಕೆಗಳ ಸಂಖ್ಯೆಯನ್ನೂ ಕೈಯಿಂದ ಟೈಪ್ ಮಾಡದೆ Heading ಶೈಲಿಗೆ ಜೋಡಿಸಿದ Multilevel List ನಿಂದ ಕೊಟ್ಟು, ಆ ಉಲ್ಲೇಖಗಳನ್ನು ಈಗಲೇ Cross-reference ಮಾಡಿಡಿ. ಎಲ್ಲ ಮುಗಿದ ಮೇಲೆ Ctrl+A, F9 ಒತ್ತಿದರೆ ಉಲ್ಲೇಖಗಳೂ ಪರಿವಿಡಿಯೂ ಹೊಸ ಸಂಖ್ಯೆಗೆ ಬರುತ್ತವೆ.

ಪ್ರಶ್ನೆ ಕೇಳಿದವರು

'ನೋಡಿ' 41 ಕಡೆ ಇದೆ. ತಾಲ್ಲೂಕೋ ರೋಗವೋ ಎಂದು ಸೋಮವಾರ ಅಧಿಕಾರಿಯವರನ್ನೇ ಕೇಳುತ್ತೇನೆ, ಅಲ್ಲಿಯವರೆಗೆ ಇವನ್ನು ಮುಗಿಸುತ್ತೇನೆ.