ಫೀಸು ಎರಡು ಸಲ ಕಟ್ಟಿಹೋಗಿದೆ, ಅಕೌಂಟ್ಸ್ ಆಫೀಸಿಗೆ ಏನಂತ ಬರೆಯಲಿ?

ಪ್ರಶ್ನೆ (ಬಿ.ಕಾಂ. ಎರಡನೇ ವರ್ಷದ ವಿದ್ಯಾರ್ಥಿನಿ, ಹಾಸನ):
ನಮ್ಮದು ಖಾಸಗಿ ಕಾಲೇಜು. ಜುಲೈ 8ರ ರಾತ್ರಿ ಪೋರ್ಟಲ್‌ನಲ್ಲಿ ಬೋಧನಾ ಶುಲ್ಕ 38,500 ರೂಪಾಯಿ ಯುಪಿಐನಲ್ಲಿ ಕಟ್ಟಿದೆ. ಖಾತೆಯಿಂದ ದುಡ್ಡು ಹೋಯಿತು, ಪೋರ್ಟಲ್ ಮಾತ್ರ Pending ಅಂತಲೇ ತೋರಿಸಿತು. ಮಾರನೇ ದಿನವೇ ಕೊನೆಯ ದಿನ. ಹೆದರಿ ಅಪ್ಪನಿಗೆ ಹೇಳಿದೆ, ಅವರು ತಮ್ಮ ಖಾತೆಯಿಂದ ಮತ್ತೆ ಕಟ್ಟಿದರು. ಈಗ ಎರಡೂ ಹೋಗಿವೆ. ಆಫೀಸಿನಲ್ಲಿ "ಲೆಟರ್ ಕೊಡಿ ನೋಡೋಣ" ಅಂದರು. ದುಡ್ಡು ವಾಪಸ್ ಕೇಳಬೇಕಾ, ಮುಂದಿನ ವರ್ಷಕ್ಕೆ ಹೊಂದಿಸಿ ಅನ್ನಬೇಕಾ?

ಒಬ್ಬ ಪೋಷಕರು, ತುಮಕೂರು:
ಲೆಟರ್ ಗಿಟರ್ ಏನೂ ಬೇಡ ಮಗಳೇ. ಬ್ಯಾಂಕಿನಲ್ಲಿ ದೂರು ಕೊಡು. ರಿಸರ್ವ್ ಬ್ಯಾಂಕ್ ನಿಯಮ ಇದೆ, ಐದು ದಿನದಲ್ಲಿ ದುಡ್ಡು ತಾನಾಗೇ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ದಂಡವನ್ನೂ ಕೊಡಬೇಕು.

ಕಾಲೇಜು ಲೆಕ್ಕ ವಿಭಾಗದ ನಿವೃತ್ತ ಸೂಪರಿಂಟೆಂಡೆಂಟ್, ಮೈಸೂರು:
ನಿಯಮ ಇರುವುದು ನಿಜ, 2019ರ ಸೆಪ್ಟೆಂಬರ್‌ನಲ್ಲಿ ಬಂದದ್ದು. ಆದರೆ ಅದು ವಿಫಲವಾದ ಪಾವತಿಗೆ. ಅಂದರೆ ನಿಮ್ಮ ಖಾತೆಯಿಂದ ಹೋಗಿ, ಆ ಕಡೆಯವರಿಗೆ ಪಾವತಿ ಖಚಿತವಾಗದೆ ಮಧ್ಯದಲ್ಲೇ ನಿಂತ ದುಡ್ಡಿಗೆ. ಎರಡೂ ಪಾವತಿ ಕಾಲೇಜಿಗೆ ತಲುಪಿದ್ದರೆ ಬ್ಯಾಂಕಿನ ಲೆಕ್ಕದಲ್ಲಿ ಯಾವ ತಪ್ಪೂ ಆಗಿಲ್ಲ. ಆಗ ವಾಪಸ್ ಕೊಡಬೇಕಾದವರು ಕಾಲೇಜಿನವರೇ.

ಹಾಗಾಗಿ ಮೊದಲು ಒಂದು ವಿಷಯ ನೋಡಮ್ಮ. ಪೋರ್ಟಲ್‌ನಲ್ಲಿ ಪಾವತಿಗಳ ಪಟ್ಟಿ ತೆಗೆ. ಮೊದಲನೆಯದು ಇನ್ನೂ Pending ಇದೆಯಾ, Success ಆಗಿದೆಯಾ? ಆಮೇಲೆ ನಿನ್ನ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಆ ದುಡ್ಡು ತಿರುಗಿ ಜಮಾ ಆಗಿದೆಯಾ ನೋಡು. ಎಷ್ಟೋ ಮಕ್ಕಳು ಪತ್ರ ಹಿಡಿದು ಬರುತ್ತಿದ್ದರು, ದುಡ್ಡು ಮೂರನೇ ದಿನವೇ ಅವರ ಖಾತೆಗೆ ಬಂದಿರುತ್ತಿತ್ತು.

ವಿದ್ಯಾರ್ಥಿನಿ:
ನೋಡಿದೆ ಸರ್. ವಾಪಸ್ ಬಂದಿಲ್ಲ. ಈಗ ಎರಡೂ Success ಅಂತಿವೆ, ರಸೀದಿಯೂ ಎರಡು ಬಂದಿವೆ.

ನಿವೃತ್ತ ಸೂಪರಿಂಟೆಂಡೆಂಟ್:
ಹಾಗಾದರೆ ದುಡ್ಡು ಕಾಲೇಜಿನಲ್ಲೇ ಇದೆ. ಇನ್ನು ಪತ್ರವೇ ದಾರಿ.

ಆಫೀಸಿನವರಿಗೆ ನಿನ್ನ ಪಾವತಿ ಸುಲಭವಾಗಿ ಯಾಕೆ ಸಿಕ್ಕುವುದಿಲ್ಲ ಅಂತ ಹೇಳುತ್ತೇನೆ, ಪತ್ರದಲ್ಲಿ ಏನಿರಬೇಕು ಅನ್ನುವುದು ಅದರಿಂದಲೇ ಗೊತ್ತಾಗುತ್ತದೆ. ಪೋರ್ಟಲ್‌ನಲ್ಲಿ ಕಟ್ಟಿದ ದುಡ್ಡು ನೇರವಾಗಿ ಕಾಲೇಜಿನ ಖಾತೆಗೆ ಬೀಳುವುದಿಲ್ಲ. ಮಧ್ಯೆ ನಿಂತು ಪಾವತಿ ನಡೆಸಿಕೊಡುವ ಗೇಟ್‌ವೇ ಕಂಪನಿಯವರು ಆ ದಿನ ಬಂದ ಎಲ್ಲರ ಫೀಸನ್ನೂ ಒಟ್ಟು ಮಾಡಿ, ಒಂದೆರಡು ದಿನ ಬಿಟ್ಟು ಒಂದೇ ಮೊತ್ತವಾಗಿ ಹಾಕುತ್ತಾರೆ. ಕಾಲೇಜಿನ ಬ್ಯಾಂಕ್ ಪುಸ್ತಕದಲ್ಲಿ ನಿನ್ನ 38,500 ಅಂತ ಸಾಲೇ ಇರುವುದಿಲ್ಲ. ಗುಮಾಸ್ತರು ಗೇಟ್‌ವೇಯ ಲಾಗಿನ್‌ಗೆ ಹೋಗಿ ಟ್ರಾನ್ಸಾಕ್ಷನ್ ನಂಬರ್ ಹಾಕಿ ಹುಡುಕಬೇಕು. ಹೆಸರು ಹಾಕಿದರೆ ಸಾಲದು, ಅಪ್ಪನ ಹೆಸರಲ್ಲಿ ಹೋಗಿರುವುದು ನಿನ್ನ ಹೆಸರಿಗೆ ಸಿಕ್ಕುವುದೂ ಇಲ್ಲ. ಪತ್ರದಲ್ಲಿ ಕಷ್ಟ ತೋಡಿಕೊಂಡವರ ಅರ್ಜಿಗಿಂತ ನಂಬರ್ ಸರಿಯಾಗಿ ಕೊಟ್ಟವರ ಅರ್ಜಿ ಬೇಗ ಮುಗಿಯುತ್ತಿತ್ತು.

ಹೊಂದಾಣಿಕೆಯೋ ವಾಪಸೋ ಅಂದರೆ, ನಾನಾದರೆ ವಾಪಸ್ ಕೇಳುತ್ತೇನೆ. ನಿನ್ನ ಮುಂದಿನ ಫೀಸು ಬರುವುದು ಒಂದು ವರ್ಷಕ್ಕೆ. ಮಧ್ಯೆ ಮಾರ್ಚ್ 31 ಬರುತ್ತದೆ, ಲೆಕ್ಕ ಮುಚ್ಚುತ್ತಾರೆ. ಹಳೆಯ ವರ್ಷದ ಹೆಚ್ಚುವರಿ ಹಣ ತೆಗೆಯಲು ಆಮೇಲೆ ಇನ್ನೂ ನಾಲ್ಕು ಸಹಿ ಬೇಕಾಗುತ್ತದೆ. ಇನ್ನೊಂದು ತಾಪತ್ರಯವೂ ಇದೆ. ಹೊಂದಿಸುತ್ತೇವೆ ಅಂತ ಬಾಯಲ್ಲಿ ಹೇಳಿದರೂ, ಮುಂದಿನ ಜುಲೈಯಲ್ಲಿ ಪೋರ್ಟಲ್ ಪೂರ್ತಿ ಫೀಸೇ ಕೇಳುತ್ತದೆ. ಆಫೀಸಿನವರು ಬಾಕಿ ಮೊತ್ತವನ್ನು ಕೈಯಾರೆ ತಿದ್ದಬೇಕು. ಅಷ್ಟರಲ್ಲಿ ಗುಮಾಸ್ತರೇ ಬದಲಾಗಿರಬಹುದು. ಪರೀಕ್ಷೆ ಫೀಸಿಗೆ ಹೊಂದಿಸಿ ಅಂತ ಕೇಳಬೇಡ, ಅದು ವಿಶ್ವವಿದ್ಯಾಲಯಕ್ಕೆ ಹೋಗುವ ದುಡ್ಡು.

ಪತ್ರ ಹೀಗಿರಲಿ:

*ಇವರಿಗೆ,*
*ಲೆಕ್ಕಾಧಿಕಾರಿಗಳು, ………… ಕಾಲೇಜು, ಹಾಸನ*
*ಮೂಲಕ: ಪ್ರಾಂಶುಪಾಲರು*

*ವಿಷಯ: ಬೋಧನಾ ಶುಲ್ಕ ಎರಡು ಬಾರಿ ಪಾವತಿಯಾಗಿರುವುದರಿಂದ ಹೆಚ್ಚುವರಿ 38,500 ರೂ. ಹಿಂದಿರುಗಿಸುವ ಬಗ್ಗೆ*

*ಮಾನ್ಯರೇ,*

*ನಾನು ಬಿ.ಕಾಂ. ಎರಡನೇ ವರ್ಷದ ವಿದ್ಯಾರ್ಥಿನಿ, ನೋಂದಣಿ ಸಂಖ್ಯೆ ………… ಈ ವರ್ಷದ ಬೋಧನಾ ಶುಲ್ಕ 38,500 ರೂ. ಜುಲೈ 8ರ ರಾತ್ರಿ ಎರಡು ಬಾರಿ ಪಾವತಿಯಾಗಿದೆ.*

*ಮೊದಲನೆಯದು: ನನ್ನ ಖಾತೆಯಿಂದ, ರಾತ್ರಿ 9.42ಕ್ಕೆ. ಪೋರ್ಟಲ್ ಟ್ರಾನ್ಸಾಕ್ಷನ್ ನಂಬರ್ …………, ಯುಪಿಐ ನಂಬರ್ …………, ರಸೀದಿ ಸಂಖ್ಯೆ …………*
*ಎರಡನೆಯದು: ನನ್ನ ತಂದೆಯವರ ಖಾತೆಯಿಂದ, ರಾತ್ರಿ 10.15ಕ್ಕೆ. ಪೋರ್ಟಲ್ ಟ್ರಾನ್ಸಾಕ್ಷನ್ ನಂಬರ್ …………, ಯುಪಿಐ ನಂಬರ್ …………, ರಸೀದಿ ಸಂಖ್ಯೆ …………*

*ಮೊದಲ ಪಾವತಿಯನ್ನು ಈ ವರ್ಷದ ಶುಲ್ಕವೆಂದು ಉಳಿಸಿಕೊಂಡು, ಎರಡನೆಯದನ್ನು ಅದು ಬಂದ ಖಾತೆಗೇ ಹಿಂದಿರುಗಿಸಬೇಕೆಂದು ಕೋರುತ್ತೇನೆ. ಹಿಂದಿರುಗಿಸಲು ಸಾಧ್ಯವಾಗದಿದ್ದಲ್ಲಿ, ಈ ಮೊತ್ತವನ್ನು ಮೂರನೇ ವರ್ಷದ ಶುಲ್ಕಕ್ಕೆ ಜಮಾ ಮಾಡಿಕೊಂಡಿರುವುದಾಗಿ ಲಿಖಿತವಾಗಿ ತಿಳಿಸಬೇಕೆಂದು ವಿನಂತಿ.*

*ಲಗತ್ತು: ಎರಡೂ ರಸೀದಿ, ಎರಡೂ ಖಾತೆಗಳ ಸ್ಟೇಟ್‌ಮೆಂಟ್, ತಂದೆಯವರ ಪಾಸ್‌ಬುಕ್ ಮೊದಲ ಪುಟ*

*ವಿದ್ಯಾರ್ಥಿನಿಯ ಸಹಿ, ತಂದೆಯ ಸಹಿ, ದಿನಾಂಕ*

ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ವಾಪಸ್ ಮಾಡಬೇಕು ಅನ್ನುವುದನ್ನು ನೀನೇ ಬರೆದುಬಿಡು. ಗೇಟ್‌ವೇ ಮೂಲಕ ವಾಪಸ್ ಮಾಡಿದರೆ ದುಡ್ಡು ಬಂದ ಖಾತೆಗೇ ಹೋಗುತ್ತದೆ. ಚೆಕ್ಕಿನಲ್ಲೋ ನೆಫ್ಟ್‌ನಲ್ಲೋ ಕೊಟ್ಟರೆ ಪಾಸ್‌ಬುಕ್ ಪುಟ ಬೇಕಾಗುತ್ತದೆ, ಅದಕ್ಕೇ ಅಪ್ಪನ ಸಹಿಯೂ ಇರಲಿ. ಫೋನ್ ಸ್ಕ್ರೀನ್‌ಶಾಟ್ ಬೇಡ, ಬ್ಯಾಂಕ್ ಆ್ಯಪ್‌ನಿಂದ ಇಳಿಸಿದ ಸ್ಟೇಟ್‌ಮೆಂಟ್ ಕೊಡು. ಬೇರೆ ವ್ಯವಹಾರಗಳ ಸಾಲುಗಳನ್ನು ಮುಚ್ಚಿಕೊಂಡರೂ ತೊಂದರೆ ಇಲ್ಲ. ಪತ್ರದ ಎರಡನೇ ಪ್ರತಿಯ ಮೇಲೆ ಸೀಲು, ಆವಕ ಸಂಖ್ಯೆ ಹಾಕಿಸಿಕೊಳ್ಳದೆ ಕೌಂಟರ್ ಬಿಡಬೇಡ.

ಇನ್ನೊಬ್ಬರು, ದಾವಣಗೆರೆ:
ನನ್ನ ಮಗ ಎರಡನೇ ರೌಂಡ್‌ನಲ್ಲಿ ಸೀಟು ಬಿಟ್ಟ. ಅದರ ಫೀಸು ಇನ್ನೂ ಬಂದಿಲ್ಲ. ನಾವೂ ಇದೇ ಪತ್ರ ಕೊಟ್ಟರೆ ಆಗುತ್ತಾ?

ನಿವೃತ್ತ ಸೂಪರಿಂಟೆಂಡೆಂಟ್:
ಇಲ್ಲ ಸ್ವಾಮಿ, ಅದೇ ಬೇರೆ. ಸೀಟು ಬಿಟ್ಟರೆ ಎಷ್ಟು ಕಡಿತ ಅನ್ನುವುದನ್ನು ಕೌನ್ಸೆಲಿಂಗ್ ನಡೆಸಿದವರ ನಿಯಮ ಹೇಳುತ್ತದೆ. ಇಲ್ಲಿ ಕಡಿತದ ಮಾತೇ ಇಲ್ಲ, ಒಂದೇ ಫೀಸು ಎರಡು ಸಲ ಬಂದಿದೆ.

ಬ್ಯಾಂಕ್ ಉದ್ಯೋಗಿ, ಬೆಂಗಳೂರು:
ಕಾಲೇಜು ಎಳೆದಾಡಿದರೆ ಬ್ಯಾಂಕ್ ಮೂಲಕವೇ ದುಡ್ಡು ವಾಪಸ್ ತರಿಸುವ ಚಾರ್ಜ್‌ಬ್ಯಾಕ್ ದೂರು ಹಾಕಬಹುದಲ್ವಾ ಸರ್? ಯುಪಿಐ ಆ್ಯಪ್‌ನಲ್ಲೇ ದೂರು ಕೊಡುವ ಜಾಗ ಇದೆ.

ನಿವೃತ್ತ ಸೂಪರಿಂಟೆಂಡೆಂಟ್:
ಹಾಕಬಹುದು. ಆದರೆ ಪತ್ರ ಕೊಟ್ಟು, ಉತ್ತರಕ್ಕೆ ಕಾದ ಮೇಲೆ. ಎರಡೂ ಒಟ್ಟಿಗೆ ಹಾಕಿದರೆ ಕಾಲೇಜು ಈ ಕಡೆಯಿಂದ ವಾಪಸ್ ಮಾಡುತ್ತದೆ, ಬ್ಯಾಂಕ್ ಆ ಕಡೆಯಿಂದ ಎಳೆಯುತ್ತದೆ. ಆಮೇಲೆ ಪೋರ್ಟಲ್‌ನಲ್ಲಿ ಹುಡುಗಿಯ ಫೀಸೇ ಬಾಕಿ ಅಂತ ಬಂದು ಹಾಲ್ ಟಿಕೆಟ್ ಹೊತ್ತಿಗೆ ಸಿಕ್ಕಿಹಾಕಿಕೊಳ್ಳುತ್ತಾಳೆ.

ಬ್ಯಾಂಕ್ ಉದ್ಯೋಗಿ:
ಅಷ್ಟು ಒಳ್ಳೆಯತನ ತೋರಿಸಿದರೆ ಕಾಲೇಜುಗಳು ತಿಂಗಳುಗಟ್ಟಲೆ ಕೂರುತ್ತವೆ ಸರ್. ದೂರು ಕೊಡಲೂ ಒಂದು ಗಡುವು ಇರುತ್ತದೆ, ಅದು ದಾಟಿದರೆ ನಮ್ಮ ಕೈಯಲ್ಲೂ ಏನೂ ಇರುವುದಿಲ್ಲ.

ನಿವೃತ್ತ ಸೂಪರಿಂಟೆಂಡೆಂಟ್:
ಅದೂ ಸರಿಯೇ. ಗಡುವು ಎಷ್ಟು ಅಂತ ಅವಳು ತನ್ನ ಬ್ಯಾಂಕಿನಲ್ಲಿ ಈಗಲೇ ಕೇಳಿಟ್ಟುಕೊಳ್ಳಲಿ. ನಾನಂತೂ ಮೊದಲು ಪತ್ರ ಅಂತಲೇ ಹೇಳುತ್ತೇನೆ.

ವಿದ್ಯಾರ್ಥಿನಿ:
ಸರ್, ಪಾವತಿ ಮಾಡುವಾಗ ಪೋರ್ಟಲ್ ಸೇವಾ ಶುಲ್ಕ ಅಂತ ಸ್ವಲ್ಪ ಜಾಸ್ತಿ ಹಿಡಿದಿತ್ತು. ಅದೂ ವಾಪಸ್ ಬರುತ್ತಾ?

ನಿವೃತ್ತ ಸೂಪರಿಂಟೆಂಡೆಂಟ್:
ಅದು ಗೇಟ್‌ವೇಯವರಿಗೆ ಹೋದದ್ದು, ಹೆಚ್ಚಿನ ಕಡೆ ಬರುವುದಿಲ್ಲ. ಕೇಳುವುದಾದರೆ ಪತ್ರದಲ್ಲಿ ಬೇರೆ ಸಾಲಿನಲ್ಲಿ ಬರಿ. 38,500ಕ್ಕೆ ಸೇರಿಸಿ ಬರೆದರೆ ಮೊತ್ತ ರಸೀದಿಗೆ ತಾಳೆಯಾಗದೆ ಇಡೀ ಅರ್ಜಿಯೇ ವಾಪಸ್ ಬರುತ್ತದೆ.